ಅಫೀಮು ವ್ಯಾಪಾರದ ಸಾಕ್ಷ್ಯಚಿತ್ರ: ಸೀಮಿತ ಜಾಹೀರಾತು ತೀರ್ಮಾನದ ಮರುಪರಿಶೀಲನೆ ಕೋರಿ

ಜಾಹೀರಾತು ಪರಿಶೀಲನಾ ತಂಡದವರಿಗೆ,

ನಮಸ್ಕಾರ. ನಮ್ಮ ಚಾನೆಲ್‌ನಲ್ಲಿ ಕಳೆದ ವಾರ ಹಾಕಿದ 42 ನಿಮಿಷದ ಇತಿಹಾಸ ಸಾಕ್ಷ್ಯಚಿತ್ರಕ್ಕೆ 'ಸೀಮಿತ ಜಾಹೀರಾತು' ಗುರುತು ಬಿದ್ದಿದೆ. ಕಾರಣ ಎಂದು ತೋರಿಸಿರುವುದು 'ಮಾದಕ ವಸ್ತು'. ವಿಡಿಯೊದ ಹೆಸರು ಹೀಗಿದೆ:

ಕಂಪನಿ ಅಫೀಮು ಮಾಡಿದ್ದು ಹೇಗೆ, ಮಾರಿದ್ದು ಹೇಗೆ?

ಈ ಸಾಲನ್ನು ಕನ್ನಡ ಗೊತ್ತಿರುವ ಒಬ್ಬರು ಓದಬೇಕು ಎಂಬುದೇ ನನ್ನ ಮುಖ್ಯ ಕೋರಿಕೆ. ಇಲ್ಲಿ 'ಮಾಡುವುದು ಹೇಗೆ' ಎಂದಿಲ್ಲ, 'ಮಾಡಿದ್ದು ಹೇಗೆ' ಎಂದಿದೆ. ಮೊದಲನೆಯದು ಹೇಳಿಕೊಡುವ ಮಾತು. ಎರಡನೆಯದು ನಡೆದುಹೋದದ್ದನ್ನು ವಿಚಾರಿಸುವ ಮಾತು. ಬೇರೆ ಭಾಷೆಯವರಿಗೆ ನಿಮ್ಮ ವೇದಿಕೆ ತಾನಾಗಿಯೇ ತೋರಿಸುವ ಇಂಗ್ಲಿಷ್ ಶೀರ್ಷಿಕೆಯನ್ನು ನಾನು ತೆಗೆದು ನೋಡಿದೆ. ಅದರಲ್ಲಿ 'ಕಂಪನಿ' ಮಾಯವಾಗಿದೆ, ಭೂತಕಾಲವೂ ಹೋಗಿದೆ. ಉಳಿದಿರುವುದು ಅಫೀಮು ತಯಾರಿಸಿ ಮಾರುವ ವಿಧಾನ ಎಂಬ ಅರ್ಥ ಮಾತ್ರ. ಅದನ್ನು ನೋಡಿದವರು ಯಾರಾದರೂ ಜಾಹೀರಾತು ತಡೆಯುತ್ತಾರೆ. ನಾನಾಗಿದ್ದರೂ ತಡೆಯುತ್ತಿದ್ದೆ.

'ಕಂಪನಿ' ಎಂದರೆ ಈಸ್ಟ್ ಇಂಡಿಯಾ ಕಂಪನಿ. ಇತಿಹಾಸದ ಮಾತು ಬಂದಾಗ ಕನ್ನಡದಲ್ಲಿ 'ಕಂಪನಿ ಸರ್ಕಾರ' ಎಂದರೆ ಸಾಕು, ಯಾರೆಂದು ಎಲ್ಲರಿಗೂ ಗೊತ್ತು. ಪೂರ್ತಿ ಹೆಸರು ಹಾಕಿದರೆ ಫೋನಿನಲ್ಲಿ ಶೀರ್ಷಿಕೆ ಅರ್ಧಕ್ಕೇ ಕತ್ತರಿಸಿ ಹೋಗುತ್ತದೆ ಎಂದು ಬಿಟ್ಟಿದ್ದೆ. ಅಷ್ಟು ಜಿಪುಣತನ ಬೇಕಿರಲಿಲ್ಲ ಎಂದು ಈಗ ಅನಿಸುತ್ತಿದೆ.

ಇನ್ನು ವಿವರಣೆ. ಅದರ ಮೊದಲ ಮೂರು ಸಾಲನ್ನು ಇದ್ದ ಹಾಗೇ ಕೊಡುತ್ತಿದ್ದೇನೆ:

'ಗಸಗಸೆ ಕಾಯಿ ಗೀರುವುದರಿಂದ ಹಿಡಿದು ಪೆಟ್ಟಿಗೆ ತುಂಬುವವರೆಗೆ ಕಾರ್ಖಾನೆಯ ಒಳಗಿನ ಕೆಲಸ. ನಿಷೇಧವಿದ್ದ ದೇಶಕ್ಕೆ ಮಾಲು ದಾಟಿಸಿದ ಉಪಾಯ. ಕೈ ಕೊಳೆಯಾಗದಂತೆ ಲಾಭ ಎಣಿಸಿದವರ ಕತೆ.'

ಮೊದಲ ಸಾಲಿನ ಭಾಗ ವಿಡಿಯೊದಲ್ಲಿ 11:20ರಿಂದ 14:05ರವರೆಗೆ ಬರುತ್ತದೆ. ತೋರಿಸಿರುವುದು ಪಟ್ನಾ ಕಾರ್ಖಾನೆಯ 19ನೇ ಶತಮಾನದ ಲಿಥೋ ಚಿತ್ರಗಳು. ರೈತರು ಕಾಯಿ ಗೀರಿ ತಂದ ಅಂಟನ್ನು ಅಲ್ಲಿ ಒಣಗಿಸಿ ಉಂಡೆ ಮಾಡುತ್ತಿದ್ದರು. ಗಸಗಸೆ ಹೂವಿನ ಎಸಳುಗಳನ್ನೇ ಪದರ ಪದರವಾಗಿ ಅಂಟಿಸಿ ಅದಕ್ಕೆ ಹೊದಿಕೆ ಕಟ್ಟುತ್ತಿದ್ದರು. ಒಂದೊಂದು ಉಂಡೆ ಸುಮಾರು ಒಂದೂವರೆ ಕಿಲೊ, ಒಂದು ಪೆಟ್ಟಿಗೆಗೆ 40 ಉಂಡೆ. ಥಂಬ್‌ನೇಲ್‌ನಲ್ಲಿ ಕಾಣುವುದು ಈ ಉಂಡೆಗಳೇ. ಚಾವಣಿ ಮುಟ್ಟುವ ಕಪಾಟುಗಳು, ಸಾಲುಸಾಲು ಉಂಡೆಗಳು, ನಡುವೆ ಇರುವೆಯಷ್ಟಾಗಿ ಕಾಣುವ ಕೆಲಸಗಾರರು. ಆ ಚಿತ್ರವನ್ನು ಆರಿಸಿದ್ದು ಅದಕ್ಕೇ. ಇದು ಯಾರೋ ಕದ್ದುಮುಚ್ಚಿ ಮಾಡಿದ ದಂಧೆ ಅಲ್ಲ, ಸರ್ಕಾರವೇ ಗೋದಾಮು ಕಟ್ಟಿ ನಡೆಸಿದ ಉದ್ಯಮ ಎಂದು ಒಂದೇ ನೋಟಕ್ಕೆ ತಿಳಿಯುತ್ತದೆ. ಅಳತೆ, ಶಾಖ, ಬೆರಕೆ ಇಂಥ ಯಾವ ವಿವರವನ್ನೂ ವಿಡಿಯೊ ಕೊಡುವುದಿಲ್ಲ. ನೋಡಿದವರಿಗೆ ಏನನ್ನೂ ತಯಾರಿಸಲು ಬರುವುದಿಲ್ಲ.

ನಿಮ್ಮ ಯಂತ್ರಕ್ಕೆ ಜಾಸ್ತಿ ಅನುಮಾನ ತಂದಿದ್ದು ಎರಡನೇ ಸಾಲು ಇರಬೇಕು. 'ದಾಟಿಸಿದ ಉಪಾಯ' ಎಂದಾಗ ಕಳ್ಳಸಾಗಣೆಯ ಪಾಠದಂತೆ ಕೇಳುತ್ತದೆ, ನಿಜ. ಆದರೆ ಇಡೀ ಸಾಕ್ಷ್ಯಚಿತ್ರದ ಜೀವಾಳ ಇರುವುದು ಅಲ್ಲೇ. ಬ್ರಿಟನ್ನಿಗೆ ಚೀನಾದ ಚಹಾ ಬೇಕಿತ್ತು. ಅದಕ್ಕೆ ಬೆಳ್ಳಿ ಸುರಿಯಬೇಕಿತ್ತು. ಬೆಳ್ಳಿಯ ಬದಲು ಕೊಡಲು ಸಿಕ್ಕಿದ್ದು ಅಫೀಮು. 1773ರಲ್ಲಿ ಬಂಗಾಳದ ಅಫೀಮಿನ ಏಕಸ್ವಾಮ್ಯ ಕಂಪನಿಯ ಕೈಗೆ ಬಂತು. ರೈತರಿಗೆ ಮುಂಗಡ ಕೊಟ್ಟು, ತಾನೇ ಗೊತ್ತುಮಾಡಿದ ಬೆಲೆಗೆ ಬೆಳೆ ಪಡೆಯಿತು. ಆದರೆ ಚೀನಾದಲ್ಲಿ ಅಫೀಮಿಗೆ ನಿಷೇಧ. ಹಾಗಾಗಿ ಕಂಪನಿ ತನ್ನ ಹಡಗಿನಲ್ಲಿ ಅದನ್ನು ಒಯ್ಯಲಿಲ್ಲ. ಕಲ್ಕತ್ತಾದಲ್ಲಿ ಹರಾಜು ಹಾಕಿ ಕೈ ತೊಳೆದುಕೊಂಡಿತು. ಅಲ್ಲಿಂದ ಮುಂದೆ ಸಾಗಿಸಿದವರು ಖಾಸಗಿ ವ್ಯಾಪಾರಿಗಳು. ಪೆಟ್ಟಿಗೆಯ ಮೇಲೆ ಕಂಪನಿಯ ಮುದ್ರೆ ಇತ್ತು, ಹಡಗಿನ ಮೇಲೆ ಕಂಪನಿಯ ಬಾವುಟ ಇರಲಿಲ್ಲ. ಮೂರನೇ ಸಾಲಿನ 'ಕೈ ಕೊಳೆಯಾಗದಂತೆ' ಎಂಬ ಮಾತು ಬಂದಿದ್ದೂ ಇಲ್ಲಿಂದಲೇ.

ಇದನ್ನು ಇಂದು ಅನುಸರಿಸಲು ಯಾರಿಗೂ ಆಗುವುದಿಲ್ಲ. ಅದಕ್ಕೆ ಮೊದಲು ಸ್ವಂತ ಸೈನ್ಯ ಇರುವ ಒಂದು ವ್ಯಾಪಾರಿ ಕಂಪನಿ ಬೇಕು, ಅಲ್ವಾ?

ವಿಡಿಯೊದ ಉಳಿದ ಭಾಗ ಈ ವ್ಯಾಪಾರದ ಫಲ ಏನಾಯಿತು ಎಂಬುದು. 1839ರ ಜೂನ್‌ನಲ್ಲಿ ಚೀನಾದ ಅಧಿಕಾರಿ ಲಿನ್ ಝೆಶೂ 20,000ಕ್ಕೂ ಹೆಚ್ಚು ಪೆಟ್ಟಿಗೆ ಅಫೀಮನ್ನು ಹೊಂಡಗಳಲ್ಲಿ ಸುರಿಸಿ, ಉಪ್ಪು, ಸುಣ್ಣ ಹಾಕಿ ಕರಗಿಸಿ ಸಮುದ್ರಕ್ಕೆ ಬಿಡಿಸಿದ್ದು, ಆಮೇಲಿನ ಯುದ್ಧ, 1842ರ ನಾನ್‌ಕಿಂಗ್ ಒಪ್ಪಂದ, ಹಾಂಗ್‌ಕಾಂಗ್ ಬ್ರಿಟನ್ನಿನ ಪಾಲಾಗಿದ್ದು ಎಲ್ಲ ಇದೆ. ಅಫೀಮು ಸೇದುವ ದೃಶ್ಯ ಇಡೀ ವಿಡಿಯೊದಲ್ಲಿ ಒಂದೇ ಒಂದು. 27:40ಕ್ಕೆ ಬರುವ ಹಳೆಯ ಕೆತ್ತನೆ ಚಿತ್ರ, 6 ಸೆಕೆಂಡು. ಆಗ ಹಿನ್ನೆಲೆಯಲ್ಲಿ ಹೇಳುತ್ತಿರುವುದು ಚಟಕ್ಕೆ ಬಿದ್ದ ಮನೆಗಳ ಪಾಡು. ಕೊನೆಯ 5 ನಿಮಿಷ 1912ರ ಹೇಗ್ ಅಫೀಮು ಒಪ್ಪಂದದ ಬಗ್ಗೆ, ಅಂದರೆ ಈ ವಸ್ತುವನ್ನು ಹತೋಟಿಗೆ ತರಲು ದೇಶಗಳು ಒಟ್ಟಾಗಿದ್ದರ ಬಗ್ಗೆ.

ಒಂದು ತಪ್ಪು ನನ್ನದೇ. ವಿವರಣೆಯ ಕೊನೆಯಲ್ಲಿ #ಅಫೀಮು ಎಂಬ ಹ್ಯಾಶ್‌ಟ್ಯಾಗ್ ಸುಮ್ನೆ ಹಾಕಿಬಿಟ್ಟಿದ್ದೆ. ಅದು ಈ ವಿಡಿಯೊವನ್ನು ಎಂಥೆಂಥ ವಿಡಿಯೊಗಳ ಪಕ್ಕ ಕೂರಿಸುತ್ತದೆ ಎಂದು ಯೋಚಿಸಿರಲಿಲ್ಲ. ವಿವರಣೆಯಲ್ಲಿ ಹೊರಗಿನ ಯಾವ ಕೊಂಡಿಯೂ ಇಲ್ಲ, ಮಾರಾಟದ ವಸ್ತುವೂ ಇಲ್ಲ. ಅಪ್‌ಲೋಡ್ ಮಾಡುವಾಗ ಬರುವ ಪ್ರಶ್ನೆಗಳಲ್ಲಿ ಮಾದಕ ವಸ್ತುವಿನ ಪ್ರಸ್ತಾಪ ಇದೆ ಎಂದೂ, ಅದು ಶಿಕ್ಷಣದ ಉದ್ದೇಶಕ್ಕೆ ಎಂದೂ ನಾನೇ ಗುರುತು ಹಾಕಿದ್ದೆ. ಮುಚ್ಚಿಟ್ಟಿದ್ದು ಏನೂ ಇಲ್ಲ.

ಯಾವುದನ್ನು ನೋಡಿ ತೀರ್ಮಾನ ಮಾಡಿದಿರೋ ಅದೇ ನಿಮ್ಮ ಕಣ್ಣೆದುರು ಇರಲಿ ಎಂದು ಇದುವರೆಗೆ ಒಂದಕ್ಷರವನ್ನೂ ಬದಲಿಸಿಲ್ಲ. ಪರಿಶೀಲನೆ ಮುಗಿದ ದಿನವೇ ಹ್ಯಾಶ್‌ಟ್ಯಾಗ್ ತೆಗೆಯುತ್ತೇನೆ. ಶೀರ್ಷಿಕೆಯನ್ನು 'ಈಸ್ಟ್ ಇಂಡಿಯಾ ಕಂಪನಿ ಅಫೀಮು ಮಾರಿದ್ದು ಹೇಗೆ?' ಎಂದು ಮಾಡಲು ಸಿದ್ಧಳಿದ್ದೇನೆ. ಎರಡನೇ ಸಾಲಿಗೆ '19ನೇ ಶತಮಾನದಲ್ಲಿ' ಎಂದು ಸೇರಿಸುತ್ತೇನೆ. 'ಅಫೀಮು' ಎಂಬ ಪದವನ್ನು ಮಾತ್ರ ತೆಗೆಯಲಾರೆ, ಅಕ್ಷರಗಳ ನಡುವೆ ಚುಕ್ಕೆ ಇಟ್ಟು ಮರೆಸಲೂ ಆರೆ. ಅಫೀಮು ಯುದ್ಧ ಎಂಬುದು ಶಾಲೆಯ ಪಠ್ಯದಲ್ಲೇ ಇರುವ ಹೆಸರು. ಅದನ್ನು ಹುಡುಕುವ ವಿದ್ಯಾರ್ಥಿಗೆ ಈ ವಿಡಿಯೊ ಸಿಗಬೇಕು.

ಸಂಶೋಧನೆ, ಬರಹ, ಎಡಿಟಿಂಗ್ ಸೇರಿ ಇದಕ್ಕೆ ನಾವು ಇಬ್ಬರು ನಾಲ್ಕು ತಿಂಗಳು ಕೆಲಸ ಮಾಡಿದ್ದೇವೆ. ಇಂಥ ವಿಡಿಯೊಗೆ ನೋಡುಗರು ಜಾಸ್ತಿ ಬರುವುದು ಮೊದಲ ಕೆಲವು ವಾರ. ಹಾಗಾಗಿ ಬೇಗ ನೋಡಿದರೆ ಉಪಕಾರ. ಪೂರ್ತಿ 42 ನಿಮಿಷ ನೋಡಲು ಸಮಯ ಇಲ್ಲದಿದ್ದರೆ 11:20ರಿಂದ 14:05, ಆಮೇಲೆ 27:40, ಇಷ್ಟು ಭಾಗವನ್ನು ದನಿ ಸಮೇತ ನೋಡಿ. ಕನ್ನಡ ಸಬ್‌ಟೈಟಲ್ ನಾವೇ ಬರೆದು ಹಾಕಿದ್ದೇವೆ, ತಾನಾಗಿ ಹುಟ್ಟಿದ್ದಲ್ಲ. ಇಷ್ಟಾದ ಮೇಲೂ ಗುರುತು ಉಳಿಯಬೇಕು ಎಂದು ನಿಮಗೆ ಕಂಡರೆ, ಯಾವ ನಿಮಿಷದ ಯಾವ ಮಾತು ಅಥವಾ ಚಿತ್ರದಿಂದ ಎಂದು ತಿಳಿಸಿ.

ವಂದನೆಗಳೊಂದಿಗೆ,
ಚಾನೆಲ್‌ನ ಬರಹಗಾರ್ತಿ ಮತ್ತು ನಿರೂಪಕಿ