ಜಗಳವಾಡಿದವರಿಗೂ ಕೊಟ್ಟ ಪಾತ್ರೆ

ಕರ್ತನಲ್ಲಿ ಪ್ರಿಯ ಸಹೋದರ ಸಹೋದರಿಯರೇ,

ಮೇಜು ಸಿದ್ಧವಾಗಿದೆ. ರೊಟ್ಟಿ ಮುರಿಯುವ ಮೊದಲು ಲೂಕನ ಸುವಾರ್ತೆಯ 22ನೇ ಅಧ್ಯಾಯವನ್ನು ಸ್ವಲ್ಪ ನೆನಪು ಮಾಡಿಕೊಳ್ಳೋಣ.

ಅದು ಪಸ್ಕದ ರಾತ್ರಿ. ಯೇಸು ರೊಟ್ಟಿ ತೆಗೆದುಕೊಂಡು, ಸ್ತೋತ್ರ ಮಾಡಿ, ಮುರಿದು ಶಿಷ್ಯರಿಗೆ ಕೊಟ್ಟನು. ಇದು ನಿಮಗೋಸ್ಕರ ಕೊಡುವ ನನ್ನ ದೇಹ ಎಂದನು. ಊಟವಾದ ಮೇಲೆ ಪಾತ್ರೆ ಕೊಟ್ಟನು. ಇದು ನನ್ನ ರಕ್ತದಲ್ಲಿ ಸ್ಥಾಪಿತವಾಗುವ ಹೊಸ ಒಡಂಬಡಿಕೆ ಎಂದನು. ಪಾಪಗಳ ಕ್ಷಮೆಗಾಗಿ ಸುರಿಯುವ ರಕ್ತ ಎಂದು ಮತ್ತಾಯನೂ ಬರೆದಿದ್ದಾನೆ.

ಆಮೇಲೆ ಏನಾಯಿತು? ಲೂಕನು ಮುಚ್ಚಿಡದೆ ಹೇಳುತ್ತಾನೆ. ಶಿಷ್ಯರು ಜಗಳಕ್ಕೆ ಬಿದ್ದರು. ನಮ್ಮಲ್ಲಿ ಯಾರು ದೊಡ್ಡವನು ಎಂಬುದೇ ಅವರ ವಾದ. ತುಟಿಯ ಪಸೆ ಆರುವ ಮೊದಲೇ ಈ ಮಾತು! ಅದೂ ಎಂಥ ಗುಂಪು? ರೋಮಿನ ಅಧೀನದಲ್ಲಿದ್ದ ಹೆರೋದನ ಸೀಮೆಯಲ್ಲಿ ಸುಂಕ ವಸೂಲಿಯ ಕೆಲಸದಲ್ಲಿದ್ದ ಮತ್ತಾಯ ಅಲ್ಲಿದ್ದನು. ಮತಾಭಿಮಾನಿ ಎನಿಸಿಕೊಂಡ ಸೀಮೋನನೂ ಅಲ್ಲೇ ಇದ್ದನು. ಹೊರಗೆ ಎಲ್ಲಾದರೂ ಆಗಿದ್ದರೆ ಇವರಿಬ್ಬರೂ ಒಟ್ಟಿಗೆ ಕೂತು ಊಟ ಮಾಡುತ್ತಿದ್ದರು ಅನ್ನೋದು ನನಗೆ ಅನುಮಾನವೇ. ಹಿಡಿದುಕೊಡಲಿದ್ದ ಯೂದನ ಕೈ ಕೂಡ ಅದೇ ಮೇಜಿನ ಮೇಲಿತ್ತು. ಕೋಳಿ ಕೂಗುವ ಮೊದಲೇ 'ಆತನನ್ನು ನಾನರಿಯೆ' ಎನ್ನಲಿದ್ದ ಪೇತ್ರನೂ ಇದ್ದನು.

ಯೇಸುವಿಗೆ ಇದೆಲ್ಲ ಗೊತ್ತಿತ್ತು. ಗೊತ್ತಿದ್ದೇ ಕೊಟ್ಟನು. ಮೊದಲು ರಾಜಿ ಮಾಡಿಕೊಳ್ಳಿ, ಆಮೇಲೆ ಕೊಡುತ್ತೇನೆ ಅನ್ನಲಿಲ್ಲ. ಅವರು ಜಗಳವಾಡಿದ ಮೇಲೂ ಕೊಟ್ಟ ಪಾತ್ರೆಯನ್ನು ವಾಪಸ್ ಕೇಳಲಿಲ್ಲ. ಬದಲಿಗೆ, ನಾನು ನಿಮ್ಮಲ್ಲಿ ಸೇವೆ ಮಾಡುವವನಂತೆ ಇದ್ದೇನೆ ಅಂದನು.

ನನ್ನ ಮನಸ್ಸು ಮತ್ತೆ ಮತ್ತೆ ಹೋಗಿ ನಿಲ್ಲುವುದು ಪೇತ್ರನಿಗೆ ಹೇಳಿದ ಮಾತಿನ ಮೇಲೆ. ನಿನ್ನ ನಂಬಿಕೆ ಕುಂದಬಾರದೆಂದು ನಿನಗೋಸ್ಕರ ಬೇಡಿಕೊಂಡಿದ್ದೇನೆ, ನೀನು ತಿರುಗಿಕೊಂಡ ಮೇಲೆ ನಿನ್ನ ಸಹೋದರರನ್ನು ದೃಢಪಡಿಸು ಅಂತಾನೆ ಕರ್ತನು. ಪೇತ್ರ ಇನ್ನೂ ಬಿದ್ದೇ ಇಲ್ಲ. ಆಗಲೇ ಅವನು ತಿರುಗಿ ಬರುವ ದಾರಿ ಸಿದ್ಧವಾಗಿದೆ. ಆ ದಾರಿ ಹೋಗಿ ಸೇರುವುದು ಎಲ್ಲಿಗೆ? ಅವನ ಸಹೋದರರ ಹತ್ತಿರಕ್ಕೆ. ಕ್ಷಮೆ ಸಿಕ್ಕಿತು, ಇನ್ನು ನೆಮ್ಮದಿಯಾಗಿ ಮನೆಗೆ ಹೋಗು ಅಂತ ಹೇಳಲಿಲ್ಲ. ಕ್ಷಮೆ ಪಡೆದವನನ್ನು ಮತ್ತೆ ಅದೇ ಗುಂಪಿನ ನಡುವೆಯೇ ಕೂರಿಸಿದನು.

ಹೋದ ತಿಂಗಳು ಸಭಾ ಕಟ್ಟಡದ ವಿಷಯದಲ್ಲಿ ನಮ್ಮ ನಡುವೆ ಆದ ಮಾತು ಎಲ್ಲರಿಗೂ ಗೊತ್ತು. ಅದನ್ನು ಕೆದಕುವುದು ಬೇಡ. ಆದರೆ ಏನೂ ಆಗಿಲ್ಲ ಎಂಬಂತೆ ಸುಮ್ನೆ ಈ ಮೇಜಿಗೆ ಬರುವುದೂ ಸರಿಯಲ್ಲ. ಅಂದಿನಿಂದ ಕೆಲವರು ಒಬ್ಬರ ಮುಖ ಒಬ್ಬರು ನೋಡುತ್ತಿಲ್ಲ. ಈಗ ನೀವು ತೆಗೆದುಕೊಳ್ಳುವ ರೊಟ್ಟಿಯ ಇನ್ನೊಂದು ತುಂಡು ಅವರ ಕೈಗೂ ಹೋಗುತ್ತದೆ. ನಿಮ್ಮ ಪಾಪಕ್ಕಾಗಿ ಸುರಿದ ರಕ್ತವೇ ಅವರ ಪಾಪಕ್ಕೂ ಸುರಿದದ್ದು. ನನ್ನದಕ್ಕೆ ಕ್ಷಮೆ ಇರಲಿ, ಅವರದಕ್ಕೆ ಬೇಡ ಎಂದು ಈ ಪಾತ್ರೆಯನ್ನು ಕುಡಿಯಲು ಆಗುತ್ತದೆಯೇ? ರೊಟ್ಟಿ ಒಂದೇ ಆಗಿರುವುದರಿಂದ ಅನೇಕರಾದ ನಾವು ಒಂದೇ ದೇಹ ಎಂದು ಪೌಲನು ಕೊರಿಂಥದವರಿಗೆ ಬರೆದನು. ಅಲ್ಲಿ ಒಬ್ಬನು ಹಸಿದಿದ್ದರೆ ಇನ್ನೊಬ್ಬನು ಕುಡಿದು ಅಮಲೇರಿದ್ದನು. ನೀವು ತಿನ್ನುವುದು ಕರ್ತನ ಭೋಜನವೇ ಅಲ್ಲ ಎಂದು ಅವನು ಖಡಾಖಂಡಿತವಾಗಿ ಹೇಳಿದನು.

ಒಂದು ಮಾತು. ನಿಮ್ಮಲ್ಲಿ ಯಾರಿಗಾದರೂ ಆಳವಾದ ಗಾಯವಾಗಿದ್ದರೆ, ಈ ಐದು ನಿಮಿಷದಲ್ಲಿ ಎಲ್ಲ ಮರೆತುಬಿಡಿ ಎಂದು ನಾನು ಹೇಳುವುದಿಲ್ಲ. ನಿಮ್ಮ ನೋವು ಕರ್ತನಿಗೆ ಗೊತ್ತು. 'ಕರ್ತನೇ, ಕ್ಷಮಿಸುವ ಮನಸ್ಸನ್ನು ನನ್ನಲ್ಲಿ ಹುಟ್ಟಿಸು' ಎಂದು ಮಾತ್ರ ಕೇಳಿಕೊಳ್ಳಿ. ಇನ್ನು ಯಾರ ಹತ್ತಿರವಾದರೂ ಹೋಗಿ ಮಾತಾಡಬೇಕು ಅನಿಸಿದರೆ ಈಗಲೇ ಎದ್ದು ಹೋಗಿ. ನಾವು ಕಾಯುತ್ತೇವೆ. ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಸಹೋದರನ ಜೊತೆ ಒಂದಾಗು ಎಂದು ಹೇಳಿದ್ದು ಕರ್ತನೇ ಅಲ್ವಾ? ನಾನು ಯೋಗ್ಯನಲ್ಲ ಎಂದು ದೂರ ಕೂರಬೇಡಿ. ತನ್ನನ್ನು ಪರೀಕ್ಷಿಸಿಕೊಂಡು ತಿನ್ನಲಿ ಎಂದೇ ಪೌಲನು ಹೇಳಿದ್ದು.

ರೊಟ್ಟಿ ಕೈಗೆ ಬಂದಾಗ ಪಕ್ಕದವರಿಗೆ ನೀವೇ ಕೊಡಿ. ಎಲ್ಲರಿಗೂ ಸಿಕ್ಕಿದ ಮೇಲೆ ಒಟ್ಟಿಗೆ ತಿನ್ನೋಣ. ಪಾತ್ರೆಯನ್ನೂ ಹಾಗೆಯೇ ತೆಗೆದುಕೊಳ್ಳೋಣ.

ಪ್ರಾರ್ಥಿಸೋಣ.

ಕರ್ತನಾದ ಯೇಸುವೇ, ನಮಗೋಸ್ಕರ ಮುರಿಯಲ್ಪಟ್ಟ ನಿನ್ನ ದೇಹಕ್ಕಾಗಿ, ಸುರಿದ ನಿನ್ನ ರಕ್ತಕ್ಕಾಗಿ ಸ್ತೋತ್ರ. ನಾವು ಆಡಿದ ಒರಟು ಮಾತುಗಳನ್ನು ಕ್ಷಮಿಸು. ಮಾತು ಬಿಟ್ಟವರು ಮಾತಾಡುವಂತೆ ಮಾಡು. ಇವತ್ತು ಬಾರದೆ ಮನೆಯಲ್ಲೇ ಉಳಿದವರನ್ನು ನಾವೇ ಹೋಗಿ ಕರೆತರುವ ಪ್ರೀತಿಯನ್ನು ಕೊಡು. ನಿನ್ನ ಹೆಸರಿನಲ್ಲಿಯೇ ಬೇಡುತ್ತೇವೆ, ಕರ್ತನೇ. ಆಮೆನ್.