🪔 ರಮ್ಯ – ಮಧು ಮದುವೆಗೆ ಎಲ್ಲರೂ ಬನ್ನಿ 🪔

🕉️ || ಶ್ರೀ ಗಣೇಶಾಯ ನಮಃ || 🕉️
|| ಶ್ರೀ ಕೆಂಪಮ್ಮದೇವಿ ಪ್ರಸನ್ನ ||

ಎಲ್ಲರಿಗೂ ನಮಸ್ಕಾರ 🙏

ನಮ್ಮಕ್ಕನ ಮದುವೆ ಗೊತ್ತಾಗಿದೆ. ಅಪ್ಪ ಕಾರ್ಡು ಹಿಡಿದು ಮನೆಮನೆಗೆ ಹೊರಟಿದ್ದಾರೆ, ಆದರೆ ಅವರ ಮೊಣಕಾಲು ನೋವು ನಿಮಗೆ ಗೊತ್ತೇ ಇದೆ ಅಲ್ವಾ, ಎಲ್ಲರ ಮನೆಗೂ ಬರುವುದಕ್ಕೆ ಆಗದೇ ಇರಬಹುದು. ಅದಕ್ಕೇ ಈ ಮೆಸೇಜು. ಇದನ್ನೇ ನಾವು ಮನೆಗೆ ಬಂದು ಅರಿಶಿನ ಕುಂಕುಮ ಕೊಟ್ಟು ಕರೆದ ಹಾಗೆ ಅಂದುಕೊಳ್ಳಿ.

🌺 *ಚಿ||ಕುಂ||ಸೌ|| ರಮ್ಯ*
(ನೊಣವಿನಕೆರೆಯ ಶ್ರೀಮತಿ ಜಯಮ್ಮ ಮತ್ತು ಶ್ರೀ ಶಿವಣ್ಣನವರ ಮಗಳು)

🌺 *ಚಿ||ರಾ|| ಮಧುಕುಮಾರ್*
(ನಾಗಮಂಗಲದ ಶ್ರೀಮತಿ ಪುಟ್ಟಲಕ್ಷ್ಮಮ್ಮ ಮತ್ತು ಶ್ರೀ ನಂಜೇಗೌಡರ ಮಗ)

*ಆರತಕ್ಷತೆ:* 25-04-2026, ಶನಿವಾರ ಸಂಜೆ 7ರಿಂದ
*ಧಾರೆ:* 26-04-2026, ಭಾನುವಾರ ಬೆಳಿಗ್ಗೆ 9.45ರಿಂದ 10.30, ಮಿಥುನ ಲಗ್ನ

ಪರಾಭವ ನಾಮ ಸಂವತ್ಸರ, ವೈಶಾಖ ಮಾಸ, ಶುಕ್ಲ ಪಕ್ಷ. ಸಂವತ್ಸರದ ಹೆಸರು ಕೇಳಿ ಭಾವನವರು ಸ್ವಲ್ಪ ಹೆದರಿದ್ದಾರೆ, ಯಾರ ಪರಾಭವ ಅಂತ ಮದುವೆ ಆದ ಮೇಲೆ ಗೊತ್ತಾಗುತ್ತೆ ಬಿಡಿ 😄

ಛತ್ರ ಹಿಡಿದಿಲ್ಲ. ಮನೆ ಮುಂದೆ, ನಮ್ಮ ತೋಟದಲ್ಲೇ ತೆಂಗಿನ ಗರಿಯ ಚಪ್ಪರ ಹಾಕುತ್ತಿದ್ದೇವೆ, ಅಜ್ಜಿಯ ಆಸೆ ಅದು. ಏಪ್ರಿಲ್ ಬಿಸಿಲು ಜಾಸ್ತಿನೇ, ಆದರೆ ತೋಟದ ನೆರಳಿದೆ, ಬಂದವರಿಗೆಲ್ಲ ಮೊದಲು ಎಳನೀರು. ಹೊಟ್ಟೆ ಖಾಲಿ ಇಟ್ಟುಕೊಂಡು ಬನ್ನಿ: ಭಾನುವಾರ ಮಧ್ಯಾಹ್ನ ಕಾಯಿ ಹೋಳಿಗೆ, ಅದಕ್ಕೆ ತುಪ್ಪ. ತಾಂಬೂಲಕ್ಕೂ ನಮ್ಮ ತೋಟದ ಕಾಯೇ 🥥 ಈಗ ಕಾಯಿ ರೇಟು ಎಷ್ಟಿದ್ದರೂ ಸರಿ, ಸಣ್ಣ ಕಾಯಿ ಹಾಕಬೇಡ ಅಂತ ಅಪ್ಪ ಹೇಳಿಬಿಟ್ಟಿದ್ದಾರೆ.

ಬರುವ ದಾರಿ: ಬೆಂಗಳೂರು ಕಡೆಯಿಂದ ಬರುವವರು ರೈಲಿನಲ್ಲಿ ತಿಪಟೂರಿಗೆ ಬಂದುಬಿಡಿ, ಅದೇ ಸುಲಭ. ಅಲ್ಲಿಂದ ತುರುವೇಕೆರೆ ಬಸ್ಸು ಹತ್ತಿ ನೊಣವಿನಕೆರೆಯಲ್ಲಿ ಇಳಿಯಿರಿ. ಶನಿವಾರ ಸಂಜೆ ಸ್ಟೇಷನ್ ಹತ್ತಿರ ನಮ್ಮ ಗಾಡಿಯೂ ನಿಂತಿರುತ್ತೆ, ಬರುವ ಹೊತ್ತು ತಿಳಿಸಿದರೆ ಸಾಕು. ಕಾರಿನಲ್ಲಿ ಬರುವವರಿಗೆ ಲೊಕೇಶನ್ ಮುಂದಿನ ಮೆಸೇಜಿನಲ್ಲಿ ಕಳಿಸುತ್ತೇನೆ. ರಾತ್ರಿ ಉಳಿಯುವವರಿಗೆ ಚಿಕ್ಕಪ್ಪನ ಮನೆ ಮಹಡಿಯಲ್ಲಿ ಹಾಸಿಗೆ ರೆಡಿ.

ಬೀಗರ ಊಟ ಮಂಗಳವಾರ, 28ಕ್ಕೆ, ನಾಗಮಂಗಲದಲ್ಲಿ ಗಂಡಿನ ಮನೆಯಲ್ಲಿ. ಸೋಮವಾರ ಬಾಡು ಮಾಡಲ್ಲ ಅಂತ ಒಂದು ದಿನ ಮುಂದೆ ಹೋಗಿದೆ. ಅದಕ್ಕೂ ಬನ್ನಿ, ಆದರೆ ಧಾರೆ ತಪ್ಪಿಸಿ ಬರೀ ಅದಕ್ಕೇ ಬಂದರೆ ಅಕ್ಕ ಸುಮ್ನೆ ಬಿಡಲ್ಲ.

ನಿಮ್ಮ ಆಶೀರ್ವಾದವೇ ಉಡುಗೊರೆ 💐 ಮುಯ್ಯಿ, ಗಿಫ್ಟು ಏನೂ ಬೇಡ.

ಮನೆಯಿಂದ ಎಷ್ಟು ಜನ ಬರುತ್ತೀರಿ ಅಂತ 20ನೇ ತಾರೀಖಿನೊಳಗೆ ಇದೇ ನಂಬರಿಗೆ ಒಂದು ಮೆಸೇಜು ಹಾಕಿ, ಅಡುಗೆ ಭಟ್ಟರು ದಿನಾ ಕೇಳುತ್ತಿದ್ದಾರೆ.

ನಿಮ್ಮ ದಾರಿ ಕಾಯುವ,
ಅಜ್ಜಿ ಕೆಂಪಮ್ಮ, ಅಪ್ಪ, ಅಮ್ಮ, ಚಿಕ್ಕಪ್ಪ ಚಿಕ್ಕಮ್ಮ
ಮತ್ತು ಹುಡುಗಿಯ ತಮ್ಮ ಕಿರಣ 🙏🪔