ಓದು ಕಲಿಯುವ ತರಗತಿ, ಪಾಠ 1: ರ, ಗ, ಸ

ಸಮಯ: ಶನಿವಾರ ಸಂಜೆ 7 ಗಂಟೆ, ಕಲಬುರಗಿಯಿಂದ ಆನ್‌ಲೈನ್‌ನಲ್ಲಿ. ಆಗ ದುಬೈಯಲ್ಲಿ ಸಂಜೆ 5.30, ಲಂಡನ್‌ನಲ್ಲಿ ಮಧ್ಯಾಹ್ನ 2.30, ನ್ಯೂಜೆರ್ಸಿಯಲ್ಲಿ ಬೆಳಿಗ್ಗೆ 9.30. ಚಳಿಗಾಲದಲ್ಲಿ ಲಂಡನ್ ಮತ್ತು ನ್ಯೂಜೆರ್ಸಿಯ ಗಡಿಯಾರಗಳು ಒಂದು ಗಂಟೆ ಹಿಂದಕ್ಕೆ ಸರಿಯುತ್ತವೆ. ಪಾಲಕರಿಗೆ ಮೊದಲೇ ತಿಳಿಸಿರಿ.

ಅವಧಿ: 40 ನಿಮಿಷ. ಮಕ್ಕಳು ಆರು ಜನ, ವಯಸ್ಸು 6ರಿಂದ 8.

ಮಕ್ಕಳಿಗೆ ಈಗಾಗಲೇ ಏನು ಗೊತ್ತು: ಇವರು ಕನ್ನಡ ಬಾರದವರಲ್ಲ. ಕಲಬುರಗಿ, ಬೀದರ್, ಯಾದಗಿರಿ ಕಡೆಯ ಮನೆಗಳ ಮಕ್ಕಳು. ಅಜ್ಜಿಯ ಫೋನ್ ಬಂದರೆ ಹರಳು ಹುರಿದಂತೆ ಮಾತನಾಡುತ್ತಾರೆ. ಶಾಲೆಯಲ್ಲಿ ಇಂಗ್ಲಿಷ್ ಓದುತ್ತಾರೆ. ಕಿವಿಗೆ ಬಿದ್ದ ಭಾಷೆ ಕಣ್ಣಿಗೂ ಬೀಳಬೇಕು, ಅಷ್ಟೇ ನಮ್ಮ ಕೆಲಸ. ಆದ್ದರಿಂದ 49 ಅಕ್ಷರಗಳ ಮಾಲೆಯನ್ನು ಬಾಯಿಪಾಠ ಮಾಡಿಸುವುದು ಬೇಡ. ಮೊದಲ ದಿನವೇ ಮಗು ಒಂದು ಪದವನ್ನು ತಾನಾಗಿ ಓದಬೇಕು. ನಮ್ಮ ನಲಿ-ಕಲಿ ತರಗತಿಗಳೂ ರ, ಗ, ಸ, ದ, ಅ ಎಂದೇ ಆರಂಭವಾಗುತ್ತವೆ. ನಾವು ಅದರಲ್ಲಿ ಮೂರನ್ನು ಮಾತ್ರ ಇಂದು ತೆಗೆದುಕೊಳ್ಳುತ್ತೇವೆ.

ಬೇಕಾದ ಸಾಮಾನು: ಮೂರು ಅಕ್ಷರಗಳ ದೊಡ್ಡ ಚೀಟಿಗಳು (ಪ್ರತಿ ಅಕ್ಷರಕ್ಕೆ ಎರಡೆರಡು), ಸರ ಮತ್ತು ಗರಗಸದ ಚಿತ್ರ. ಮಕ್ಕಳ ಬಳಿ ಒಂದು ತಟ್ಟೆ, ಒಂದು ಹಿಡಿ ತೊಗರಿ ಬೇಳೆ. ಇದನ್ನು ಹಿಂದಿನ ದಿನವೇ ಪಾಲಕರಿಗೆ ತಿಳಿಸದಿದ್ದರೆ ಅರ್ಧ ತರಗತಿ ಅಡುಗೆಮನೆಯ ಓಡಾಟದಲ್ಲೇ ಮುಗಿಯುತ್ತದೆ.

ಮೊದಲ 5 ನಿಮಿಷ, ಕಿವಿಯ ಆಟ: ಅಕ್ಷರ ತೋರಿಸಬೇಡಿ. “ನಾನು ಒಂದು ಪದ ಹೇಳುತ್ತೇನೆ, ನೀವು ಎಷ್ಟು ಚಪ್ಪಾಳೆ ಎಂದು ಹೇಳಿ” ಎನ್ನಿ. ಸರ: ಎರಡು. ಸಗರ: ಮೂರು. ಗರಗಸ: ನಾಲ್ಕು.

ಮುಂದಿನ 15 ನಿಮಿಷ, ಅಕ್ಷರ ಪರಿಚಯ: ಮೊದಲು ಸ ಮತ್ತು ರ. ಎರಡು ಚೀಟಿ ಜೋಡಿಸಿ ಸರ, ತಿರುಗಿಸಿಟ್ಟರೆ ರಸ. ಇಲ್ಲಿಗೆ ಮಗು ಎರಡು ಪದ ಓದಿದಂತಾಯಿತು. ಮಾವಿನ ರಸ, ಕಬ್ಬಿನ ರಸ ಎಂದು ಸ್ವಲ್ಪ ಹರಟೆಯೂ ಇರಲಿ. ಆಮೇಲೆ ಗ. ರ ಮತ್ತು ಗ ಎರಡಕ್ಕೂ ತಲಕಟ್ಟು ಇದೆ. ರ ದ ಸುತ್ತು ಮುಚ್ಚಿದೆ, ಗ ದ ಕೆಳಗೆ ತೆರೆದಿದೆ. ಈ ಒಂದು ವ್ಯತ್ಯಾಸವನ್ನು ಬೇಳೆಯಲ್ಲಿ ಮಾಡಿಸಿ: ತಟ್ಟೆಯಲ್ಲಿ ಬೇಳೆ ಸಾಲಿಟ್ಟು ರ ಮಾಡಲಿ, ಕೆಳಗಿನ ನಾಲ್ಕು ಬೇಳೆ ತೆಗೆದು, ಉಳಿದುದನ್ನು ಕೊಂಚ ತಿದ್ದಿ ಗ ಮಾಡಲಿ. ಬರೆಯಿಸುವ ಆತುರ ಇಂದು ಬೇಡ.

ಒಂದು ಕಡೆ ಎಚ್ಚರ ಬೇಕು. ಇಂಗ್ಲಿಷ್ ಓದಿ ರೂಢಿಯಾದ ಮಗುವಿಗೆ ರ ಎಂದರೆ ಬರಿಯ ವ್ಯಂಜನ. ಅದರ ಪಕ್ಕದಲ್ಲಿ ಸ್ವರ ಎಲ್ಲಿ ಎಂದು ಹುಡುಕುತ್ತದೆ, ಇಲ್ಲವೇ ಕೊನೆಯ ಸ್ವರ ನುಂಗಿ ‘ಸರ’ವನ್ನು ಶಾಲೆಯ ‘ಸರ್’ ಎಂದು ಓದುತ್ತದೆ. ಮನೆಯಲ್ಲಿ ಹಿಂದಿಯೂ ನಡೆಯುತ್ತಿದ್ದರೆ ಈ ರೂಢಿ ಇನ್ನೂ ಗಟ್ಟಿ. ತಪ್ಪು ಎಂದು ಹೇಳಬೇಡಿ, ವ್ಯಾಕರಣವನ್ನೂ ಬಿಡಿಸಬೇಡಿ. ಒಂದೊಂದು ಚೀಟಿಗೆ ಒಂದೊಂದು ಚಪ್ಪಾಳೆ ಹಾಕಿಸಿ. ಎರಡನೆಯ ಚಪ್ಪಾಳೆಗೆ ಧ್ವನಿ ಬೇಕಾದಾಗ ‘ರ’ ಪೂರ್ತಿ ಹೊರಬರುತ್ತದೆ.

ಮುಂದಿನ 15 ನಿಮಿಷ, ಓದು: ಪರದೆಯ ಮೇಲೆ ಈ ಪದಗಳು ಒಂದೊಂದಾಗಿ ಬರಲಿ.

ಸರ
ರಸ
ಸರಸರ
ಗರಗರ
ಸಗರ
ಗರಗಸ

ಆನ್‌ಲೈನ್‌ನಲ್ಲಿ ಆರೂ ಮಕ್ಕಳು ಒಟ್ಟಿಗೆ ಓದಿದರೆ ಧ್ವನಿ ಹಿಂದುಮುಂದಾಗಿ ಗದ್ದಲವಾಗುತ್ತದೆ. ಎಲ್ಲರೂ ಮೈಕ್ ಮುಚ್ಚಿಕೊಂಡು ಓದಲಿ, ಸರದಿ ಬಂದವರ ಮೈಕ್ ಮಾತ್ರ ತೆರೆದಿರಲಿ. ‘ಸರಸರ’ ಓದಿದವರು ಕುರ್ಚಿಯಿಂದ ಸರಸರ ಎದ್ದು ಕೂರಬೇಕು, ‘ಗರಗರ’ ಓದಿದವರು ಒಂದು ಸುತ್ತು ತಿರುಗಬೇಕು. ಅರ್ಥ ತಿಳಿಯಿತೋ ಇಲ್ಲವೋ ಎಂದು ಬೇರೆ ಕೇಳಬೇಕಾಗಿಲ್ಲ. ‘ಸಗರ’ ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನ ಊರು. ನಕಾಶೆಯಲ್ಲಿ ತೋರಿಸಿ, ಆ ಕಡೆಯ ಮಗುವಿದ್ದರೆ ಮೊದಲ ಓದು ಅದಕ್ಕೇ ಬಿಡಿ. ಗರಗಸ ಕೊನೆಗೆ. ಬಹಳ ಮಕ್ಕಳು ಆ ವಸ್ತುವನ್ನು ಕಂಡಿರಲಾರರು, ಆದ್ದರಿಂದ ಓದಿದ ಮೇಲೆ ಚಿತ್ರ ತೋರಿಸಿ. ಮೊದಲೇ ತೋರಿಸಿದರೆ ಚಿತ್ರ ನೋಡಿ ಊಹಿಸುತ್ತಾರೆ.

ಮನೆಯ ಮಾತಿಗೆ ತಿದ್ದುಪಡಿ ಬೇಡ. ಮಗು ತನ್ನ ಊರಿನ ಧಾಟಿಯಲ್ಲಿ ಉತ್ತರಿಸಿದರೆ ಅದೇ ಧಾಟಿಯಲ್ಲಿ ನೀವೂ ಮುಂದುವರಿಸಿ.

ಕೊನೆಯ 5 ನಿಮಿಷ, ಮನೆಗೆಲಸ: ದಿನಕ್ಕೆ ಐದು ನಿಮಿಷ ಸಾಕು. ಆರು ಚೀಟಿಗಳಿಂದ ಪದ ಜೋಡಿಸಿ ಅಜ್ಜ ಅಥವಾ ಅಜ್ಜಿಗೆ ವಿಡಿಯೊ ಕರೆಯಲ್ಲಿ ತೋರಿಸಬೇಕು. ಓದುವುದು ಮಗುವೇ, ಅಜ್ಜಿ ಮೊದಲೇ ಹೇಳಿಕೊಡುವಂತಿಲ್ಲ. ಅಜ್ಜಿಯರು ಮಾತು ಕೇಳುವುದಿಲ್ಲ, ಆದರೂ ಪಾಲಕರಿಗೆ ಹೇಳಿಟ್ಟಿರಿ.

ಗುರುತು ಹಾಕಿಕೊಳ್ಳಬೇಕಾದದ್ದು: ಯಾರು ರ ಮತ್ತು ಗ ಅದಲುಬದಲು ಮಾಡಿದರು, ಯಾರು ಕೊನೆಯ ಸ್ವರ ನುಂಗಿದರು. ಆರರಲ್ಲಿ ನಾಲ್ಕು ಪದಗಳನ್ನು ಸಹಾಯವಿಲ್ಲದೆ ಓದಿದ ಮಗು ಮುಂದಿನ ಪಾಠಕ್ಕೆ ಸಿದ್ಧ. ಉಳಿದವರಿಗೆ ಮುಂದಿನ ಶನಿವಾರ ಹತ್ತು ನಿಮಿಷ ಮೊದಲೇ ಕರೆ ಮಾಡಿ.

ಪಾಠ 2: ದ ಮತ್ತು ಅ. ಗದಗ, ಅರಸ, ದಗದ ಎಂಬ ಪದಗಳು, ಕೊನೆಗೆ ಮೂರು ಪದ ಒಟ್ಟಿಗೆ: “ಸಗರದ ಅರಸರ ಸರ.”